ಪ್ರೋಟೀನ್ ಶೇಕ್ ಕುಡಿಯುವವರಿಗೆ

ಅನ್ನ, ಮುದ್ದೆ, ಚಪಾತಿ ಬಿಟ್ಟು ಮೊಟ್ಟೆ, ಚಿಕನ್, ಪನೀರ್, ಶೇಕ್‌ಗೆ ಬದಲಾದ ಕೆಲವೇ ದಿನಗಳಲ್ಲಿ ಹಲವರಿಗೆ ಮಲಬದ್ಧತೆ ಶುರುವಾಗುತ್ತದೆ. ಇದು ಪ್ರೋಟೀನಿನ ದೋಷವಲ್ಲ. ಬೆಳಿಗ್ಗೆ ಮೂರು ಮೊಟ್ಟೆ, ಮಧ್ಯಾಹ್ನ ಚಿಕನ್, ಸಂಜೆ ಶೇಕ್, ರಾತ್ರಿ ಪನೀರ್ ತಿಂದವರ ಹೊಟ್ಟೆಗೆ ದಿನವಿಡೀ ನಾರು ಹೆಚ್ಚುಕಡಿಮೆ ಸೊನ್ನೆ. ಬಿಟ್ಟ 100 ಗ್ರಾಂ ರಾಗಿಯಲ್ಲೇ ಸುಮಾರು 11 ಗ್ರಾಂ ನಾರಿತ್ತು! ಜೊತೆಗೆ, ಪಿಷ್ಟ ಕಡಿಮೆಯಾದ ಮೊದಲ ವಾರ ದೇಹ ಕೂಡಿಟ್ಟ ಗ್ಲೈಕೋಜನ್ ಕರಗಿ, ಅದರೊಂದಿಗಿದ್ದ ನೀರು ಮೂತ್ರವಾಗಿ ಹೋಗುತ್ತದೆ. ಆ ನಷ್ಟ ತುಂಬದಿದ್ದರೆ ಮಲ ಗಟ್ಟಿಯಾಗುತ್ತದೆ.

ಹಾಗಾಗಿ ಶೇಕ್ ಬಿಡಬೇಕಿಲ್ಲ. ಚಿಕನ್ ಜೊತೆ ಒಂದು ಬಟ್ಟಲು ಹುರುಳಿಕಾಯಿ ಅಥವಾ ಸೊಪ್ಪಿನ ಪಲ್ಯ ಇರಲಿ, ಸಂಜೆ ಒಂದು ಸೀಬೆಹಣ್ಣು ತಿನ್ನಿ. ಪಿಷ್ಟದ ಮಿತಿ ತೀರಾ ಬಿಗಿಯಾಗಿದ್ದರೆ ಒಂದು ಚಮಚ ಅಗಸೆ ಪುಡಿಯನ್ನು ಶೇಕ್‌ಗೇ ಕಲಸಿ. ಇಸಬ್‌ಗೋಲ್ ಆದರೆ ಒಂದು ಚಮಚಕ್ಕೆ ದೊಡ್ಡ ಲೋಟ ನೀರು ಬೇಕೇ ಬೇಕು. ನೀರು ಕಡಿಮೆಯಾದರೆ ಅದೇ ಕರುಳಿಗೆ ಅಡ್ಡವಾಗುತ್ತದೆ. ನಾರನ್ನು ಒಮ್ಮೆಲೇ ಏರಿಸಬೇಡಿ, ಹೊಟ್ಟೆ ಉಬ್ಬರಿಸುತ್ತದೆ.

ಮಲದಲ್ಲಿ ರಕ್ತ, ತೀವ್ರ ಹೊಟ್ಟೆನೋವು ಅಥವಾ ವಾಂತಿ ಕಂಡರೆ ಮನೆಮದ್ದು ಬಿಟ್ಟು ವೈದ್ಯರನ್ನು ನೋಡಿ. ಮೂತ್ರಪಿಂಡದ ತೊಂದರೆಯಿದ್ದವರು ಶೇಕ್ ಶುರುಮಾಡುವ ಮೊದಲೇ ಕೇಳಿ.