ಪಾಸ್‌ಬುಕ್‌ನಿಂದ ಶುರು ಮಾಡಿ: ಬೆಟ್ಟಿಂಗ್ ಆ್ಯಪ್ ದೂರಿಗೆ ಕಡತ ಕಟ್ಟುವ ಬಗೆ

ಕೊಬ್ಬರಿ ಮಾರಿದ ಹಣ ಬೀಳುವ ಖಾತೆಗೇ ಮನೆಯ ಹುಡುಗನ ಫೋನಿನ ಯುಪಿಐ ಜೋಡಿಸಿರುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹೊಸದೇನಲ್ಲ. ಬಣ್ಣ ಊಹಿಸುವ ಆಟಕ್ಕೋ ಕ್ರಿಕೆಟ್ ಬೆಟ್ಟಿಂಗ್‌ಗೋ ಆ ಖಾತೆ ಬರಿದಾದ ಮೇಲೆ ಫೋನಿನಲ್ಲಿ ಇನ್ನೂರು ಸ್ಕ್ರೀನ್‌ಶಾಟ್ ಉಳಿದಿರುತ್ತವೆ. ಯಾವುದು ಯಾವ ಪಾವತಿಯದು ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ತುರುವೇಕೆರೆ ಕಡೆಯ ಯುವಕನೊಬ್ಬ ಟೆಲಿಗ್ರಾಂ ‘ಏಜೆಂಟ್’ ಹೇಳಿದ ಯುಪಿಐ ಐಡಿಗಳಿಗೆ ನಾಲ್ಕು ಸಲ, 2,000, 3,000, 5,000, 5,000 ರೂಪಾಯಿ ಕಳಿಸಿದ. ನಂಬಿಕೆ ಹುಟ್ಟಿಸಲು ಅವರು 1,500 ವಾಪಸ್ ಕೊಟ್ಟರು. ಆ್ಯಪ್‌ನಲ್ಲಿ 64,000 ಗೆದ್ದಂತೆ ಕಂಡಿತು. ತೆಗೆಯಲು ಹೋದರೆ ‘ಮೊದಲು ಶೇ 30 ತೆರಿಗೆ ಕಟ್ಟಿ’ ಎಂದರು. 19,200 ಕಟ್ಟಿದ, ಆಮೇಲೆ ಉತ್ತರವೇ ಇಲ್ಲ. ಗೆಲುವಿನ ಮೇಲಿನ ಶೇ 30 ತೆರಿಗೆಯನ್ನು ಹಣ ಕೊಡುವಾಗ ಕಂಪನಿಯೇ ಮುರಿದುಕೊಳ್ಳಬೇಕು. ಮುಂಗಡವಾಗಿ ಕಟ್ಟಿ ಎಂದ ಆ ಮಾತೇ ವಂಚನೆಯ ಗಟ್ಟಿ ಗುರುತು.

ಇವನ ನಷ್ಟ 64,000 ಅಲ್ಲ. ಹೋದದ್ದು 34,200, ಬಂದದ್ದು 1,500, ಉಳಿದ 32,700 ಮಾತ್ರ. ಆ್ಯಪ್ ತೋರಿಸುವ ಅಂಕಿ ಬರೀ ಚಿತ್ರ. ದೂರಿನಲ್ಲಿ ಅದನ್ನೇ ಕೇಳಿದರೆ, ಅಥವಾ ವಾಪಸ್ ಬಂದ 1,500 ಮುಚ್ಚಿಟ್ಟರೆ, ಉಳಿದ ಮಾತಿನ ಮೇಲೂ ಅನುಮಾನ ಬರುತ್ತದೆ.

ಕಡತಕ್ಕೆ ಕೂರುವ ಮೊದಲು 1930ಕ್ಕೆ ಫೋನ್ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ದಾಖಲಿಸಿ. ಹಣ ಇನ್ನೂ ಎದುರಿನ ಖಾತೆಯಲ್ಲಿದ್ದರೆ ತಡೆಹಿಡಿಯಲು ಆಗುವುದು ಆರಂಭದ ಗಂಟೆಗಳಲ್ಲೇ. ಅಲ್ಲಿ ಸಿಗುವ ಸ್ವೀಕೃತಿ ಸಂಖ್ಯೆಯೇ ಕಡತದ ಮೊದಲ ಪುಟ.

ಆಮೇಲೆ ಚಾಟ್. ಟೆಲಿಗ್ರಾಂನಲ್ಲಿ ಎದುರಿನವರು ಸಂದೇಶಗಳನ್ನು ನಿಮ್ಮ ಫೋನಿನಿಂದಲೂ ಅಳಿಸಬಲ್ಲರು, ಹಾಗಾಗಿ ಇದನ್ನು ನಾಳೆಗೆ ಬಿಡಬೇಡಿ. ಬೈದು ಕಳಿಸುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಬೈದ ಮರುಕ್ಷಣವೇ ಅವರು ಎಲ್ಲವನ್ನೂ ಅಳಿಸಿ ಹೋಗಬಹುದು. ಕಂಪ್ಯೂಟರಿನ ಟೆಲಿಗ್ರಾಂನಲ್ಲಿ ಇಡೀ ಚಾಟ್ ರಫ್ತು ಮಾಡುವ ಸೌಲಭ್ಯವಿದೆ, ವಾಟ್ಸ್‌ಆ್ಯಪ್‌ನಲ್ಲಿ ಫೋನಿನಲ್ಲೇ ಇದೆ (Export chat). ಫೋಟೊಗಳ ಸಮೇತ ಇಳಿಸಿ. ಸ್ಕ್ರೀನ್‌ಶಾಟ್ ತೆಗೆಯುವಾಗ ಮೇಲಿನ ಹೆಸರು, ದಿನಾಂಕ, ಗಂಟೆ ಕತ್ತರಿಸಬೇಡಿ. ಎದುರಿನವರ ಪ್ರೊಫೈಲ್ ಪುಟವನ್ನೂ ತೆಗೆದಿಡಿ, ಹೆಸರು ಬದಲಾಯಿಸಿಕೊಳ್ಳುವುದು ಅವರಿಗೆ ಒಂದು ಕ್ಷಣದ ಕೆಲಸ.

ಈಗ ಬ್ಯಾಂಕ್. ಶಾಖೆಯಿಂದ ಸೀಲು, ಸಹಿ ಇರುವ ಸ್ಟೇಟ್‌ಮೆಂಟ್ ಪಡೆಯಿರಿ. ಕೊಬ್ಬರಿ ಹಣ, ಗೊಬ್ಬರದ ಬಿಲ್ ಎಲ್ಲ ಅದರಲ್ಲಿ ಬೆರೆತಿರುತ್ತದೆ, ಇರಲಿ. ಜೆರಾಕ್ಸ್ ಪ್ರತಿಯಲ್ಲಿ ಆಟದ ಸಾಲುಗಳಿಗೆ ಮಾತ್ರ ಗುರುತು ಹಾಕಿ 1, 2, 3 ಎಂದು ಸಂಖ್ಯೆ ಕೊಡಿ. ನಮ್ಮ ಯುವಕನಿಗೆ ಆರು ಸಾಲು: ಐದು ಹೋದದ್ದು, ಒಂದು ಬಂದದ್ದು. ಪ್ರತಿ ಸಾಲಿಗೂ ಫೋನಿನಿಂದ ಪಾವತಿಯ ವಿವರ ಪುಟ, ಅದಕ್ಕೆ ಸಂಬಂಧಿಸಿದ ಚಾಟ್ ತುಣುಕು ಹುಡುಕಿ. ಸ್ಕ್ರೀನ್‌ಶಾಟ್‌ನಿಂದ ಶುರು ಮಾಡಿ ಸಾಲು ಹುಡುಕಿದರೆ ದಾರಿ ತಪ್ಪುತ್ತದೆ.

ಹೆಚ್ಚಿನವರು ಎಡವುವುದು ಸಂಖ್ಯೆಯಲ್ಲಿ. ಬ್ಯಾಂಕಿಗೆ ಬೇಕಿರುವುದು 12 ಅಂಕಿಯ ಯುಟಿಆರ್. ಗೂಗಲ್ ಪೇಯಲ್ಲಿ ಅದು UPI transaction ID. ಪಕ್ಕದಲ್ಲೇ ಇರುವ ಅಕ್ಷರ ಬೆರೆತ Google transaction ID ಅಲ್ಲ. ಫೋನ್‌ಪೇಯಲ್ಲಿ T ಇಂದ ಶುರುವಾಗುವುದು ಬೇರೆ, UTR ಬೇರೆ. ಸಾಮಾನ್ಯವಾಗಿ ಯುಟಿಆರ್‌ನ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಮುಂದಿನ ಮೂರು ವರ್ಷದ ಎಷ್ಟನೇ ದಿನ ಎಂಬುದು. 2025ರ ಸೆಪ್ಟೆಂಬರ್ 14 ಆದರೆ 5257. ಹೊಂದದಿದ್ದರೆ ನಕಲಿಸುವಾಗ ತಪ್ಪಿದ್ದೀರೇನೋ ಎಂದು ಮತ್ತೊಮ್ಮೆ ನೋಡಿ. ಪ್ರತಿ ಚಿತ್ರದ ಪ್ರತಿಗೆ ಹೀಗೆ ಹೆಸರಿಡಿ:

```
03_2025-09-14_5000_5257XXXXXXXX.jpg
```

ಮೂಲ ಚಿತ್ರಗಳನ್ನು ಮುಟ್ಟಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿಕೊಂಡರೆ ಅದು ಕುಗ್ಗುತ್ತದೆ, ತೆಗೆದ ಸಮಯದ ಮಾಹಿತಿಯೂ ಹೋಗುತ್ತದೆ. ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಆ ಫೈಲಿನ ಹ್ಯಾಶ್ ಸಂಖ್ಯೆ ಬರೆಯಬೇಕು. ವಿಂಡೋಸ್‌ನಲ್ಲಿ ಅದು ಸಿಗುವುದು ಹೀಗೆ:

```
certutil -hashfile chat.zip SHA256
```

ಪ್ರಮಾಣಪತ್ರದ ಒಂದು ಭಾಗಕ್ಕೆ ಫೋನ್ ಯಾರ ವಶದಲ್ಲಿದೆಯೋ ಅವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಪ್ರಕರಣ ಮುಗಿಯುವವರೆಗೆ ಫೋನ್ ಮಾರುವುದು, ರೀಸೆಟ್ ಮಾಡುವುದು, ಆ್ಯಪ್ ತೆಗೆದುಹಾಕುವುದು ಬೇಡ.

ಕಡತ ಎಷ್ಟೇ ಚೆನ್ನಾಗಿದ್ದರೂ ಒಂದು ಮಿತಿಯಿದೆ. ಬಾಜಿಯ ಒಪ್ಪಂದವೇ ಅಸಿಂಧು ಎನ್ನುತ್ತದೆ ಒಪ್ಪಂದ ಕಾಯ್ದೆಯ 30ನೇ ಕಲಂ. ಗೆದ್ದ ಹಣ ಕೊಡಿಸಿ ಎಂದು ದಾವೆ ಹೂಡಲಾಗದು. ದೂರು ನಿಲ್ಲುವುದು ಮೋಸದ ಮೇಲೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿನ ಆಟ ನಡೆಸುವವರ, ಜಾಹೀರಾತು ಕೊಡುವವರ, ಹಣ ಸಾಗಿಸುವವರ ಮೇಲಿದೆ, ಆಡಿ ಕಳೆದುಕೊಂಡವರ ಮೇಲಲ್ಲ. ಆದರೆ ಊರಿನ ಬುಕ್ಕಿಯ ಹತ್ತಿರ ಕೈಗೆ ಕೈ ಆಡಿದ್ದರೆ ಲೆಕ್ಕ ಬೇರೆ: ಕರ್ನಾಟಕ ಪೊಲೀಸ್ ಕಾಯ್ದೆ ಆಡಿದವರನ್ನೂ ಹಿಡಿಯಬಹುದು, ವಕೀಲರನ್ನು ಕಂಡು ಆಮೇಲೆ ಬರೆಯಿರಿ.

ಮೇಲೆ ಒಂದು ಪುಟದ ಕೋಷ್ಟಕ ಇಡಿ: ಸಾಲಿನ ಸಂಖ್ಯೆ, ದಿನಾಂಕ, ಮೊತ್ತ, ಯುಟಿಆರ್, ಹೋದ ಯುಪಿಐ ಐಡಿ, ಚಾಟ್ ಪುಟ. ಎರಡು ಪ್ರತಿ ಮಾಡಿ ಒಂದನ್ನು ಠಾಣೆಗೆ ಕೊಡಿ, ಇನ್ನೊಂದರ ಮೇಲೆ ಸ್ವೀಕರಿಸಿದ ಸೀಲು, ದಿನಾಂಕ ಹಾಕಿಸಿಕೊಂಡು ಮನೆಗೆ ತನ್ನಿ.