ತಿಂಗಳ ಕಂತು ಸರಿಯಾಗಿದೆಯೇ?

ನಮ್ಮ ಕಲಿಕಾ ಕೇಂದ್ರಕ್ಕೆ ಹೂ ಮಾರುವ ಅಕ್ಕ ಒಬ್ಬರು ಬರುತ್ತಾರೆ. ಅವರು ಅಟಲ್ ಪಿಂಚಣಿ ಯೋಜನೆಗೆ ಸೇರಿದ್ದಾರೆ. ಸೇರಿದಾಗ ಅವರಿಗೆ 30 ವರ್ಷ. 60 ವರ್ಷ ತುಂಬಿದ ಮೇಲೆ ತಿಂಗಳಿಗೆ 2,000 ರೂಪಾಯಿ ಪಿಂಚಣಿ ಬೇಕು ಎಂದು ಬರೆಸಿದ್ದಾರೆ. ಅದಕ್ಕೆ ತಿಂಗಳ ಕಂತು 231 ರೂಪಾಯಿ. ಈ ಹಣವನ್ನು ಬ್ಯಾಂಕಿನವರೇ ಅವರ ಖಾತೆಯಿಂದ ತೆಗೆದುಕೊಳ್ಳುತ್ತಾರೆ.

ಜುಲೈ ಕೊನೆಯಲ್ಲಿ ಅಕ್ಕ ಪಾಸ್ ಪುಸ್ತಕ ಹಿಡಿದು ಓಡಿ ಬಂದರು.

"ಟೀಚರಮ್ಮಾ, 231 ಹೋಗಬೇಕಿತ್ತು. 465 ಹೋಗಿದೆ ನೋಡಿ! ನನ್ನ ದುಡ್ಡು ಯಾರು ತಗೊಂಡ್ರು?"

"ಗಾಬರಿ ಬೇಡ ಅಕ್ಕ. ಹಿಂದಿನ ತಿಂಗಳ ಸಾಲು ನೋಡೋಣ" ಎಂದೆವು.

ಕಂತಿನ ಸಾಲಿನಲ್ಲಿ APY ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಮೇ ತಿಂಗಳಲ್ಲಿ ಆ ಸಾಲು ಇತ್ತು. ಜೂನ್‌ನಲ್ಲಿ ಇರಲಿಲ್ಲ. ಜೂನ್‌ನಲ್ಲಿ ಖಾತೆಯಲ್ಲಿ 180 ರೂಪಾಯಿ ಮಾತ್ರ ಉಳಿದಿತ್ತು. ಹಣ ಸಾಲದೆ ಕಂತು ತಪ್ಪಿತ್ತು.

ಕಂತು ತಪ್ಪಿದರೆ ದಂಡ ಉಂಟು. ತಡವಾದ ಪ್ರತಿ ತಿಂಗಳಿಗೆ, ಕಂತಿನ ಪ್ರತಿ 100 ರೂಪಾಯಿಗೆ 1 ರೂಪಾಯಿ. ನೂರು ತುಂಬದೆ ಉಳಿದ ಹಣಕ್ಕೂ 1 ರೂಪಾಯಿ. 231ರಲ್ಲಿ ಎರಡು ನೂರು ಇವೆ, ಮೇಲೆ 31 ಇದೆ. ಆದ್ದರಿಂದ ದಂಡ 3 ರೂಪಾಯಿ. ಸ್ಲೇಟಿನ ಮೇಲೆ ಹೀಗೆ ಕೂಡಿದೆವು:

ಜೂನ್ ಕಂತು 231
ಜುಲೈ ಕಂತು 231
ದಂಡ 3
ಒಟ್ಟು 465

"ಅಬ್ಬಾ, ಲೆಕ್ಕ ಸರಿಯಾಗೇ ಇದೆ!" ಎಂದು ಅಕ್ಕ ನಿಟ್ಟುಸಿರು ಬಿಟ್ಟರು.

ಆದರೆ ಪಕ್ಕದಲ್ಲಿದ್ದ ತಂಗಿಯ ಪುಸ್ತಕದ ಕಥೆಯೇ ಬೇರೆ. ಅವರೂ 30 ವರ್ಷಕ್ಕೆ ಸೇರಿದವರು. ಅವರೂ 2,000ದ ಪಿಂಚಣಿಯನ್ನೇ ಕೇಳಿದ್ದರು. ಪ್ರತಿ ತಿಂಗಳೂ 577 ಹೋಗುತ್ತಿತ್ತು. ಯಾವ ತಿಂಗಳೂ ತಪ್ಪಿರಲಿಲ್ಲ. 577 ಎಂದರೆ 5,000 ರೂಪಾಯಿ ಪಿಂಚಣಿಯ ಕಂತು. ಅರ್ಜಿಯಲ್ಲಿ ತಪ್ಪು ಮನೆಗೆ ಗುರುತು ಬಿದ್ದಿತ್ತು. ನಾವು ಅವರ ಜೊತೆ ಬ್ಯಾಂಕಿಗೆ ಹೋದೆವು. ಪಿಂಚಣಿಯ ಮೊತ್ತ ಬದಲಿಸಲು ವರ್ಷಕ್ಕೆ ಒಮ್ಮೆ ಅವಕಾಶ ಇದೆ. ಅದಕ್ಕೆ ಅರ್ಜಿ ಬರೆದು ಕೊಟ್ಟೆವು.

ಆ ದಿನದಿಂದ ನಾವೆಲ್ಲ ಎರಡು ಕೆಲಸ ಮಾಡುತ್ತೇವೆ.

ಒಂದು, ಗೋಡೆಯ ಕ್ಯಾಲೆಂಡರಿನಲ್ಲಿ ಕಂತಿನ ತಾರೀಖಿಗೆ ಮೂರು ದಿನ ಮೊದಲೇ ಸುತ್ತು ಹಾಕುತ್ತೇವೆ. ಪಕ್ಕದಲ್ಲಿ ಕಂತಿನ ಹಣ ಬರೆಯುತ್ತೇವೆ. ಸುತ್ತು ಕಂಡ ದಿನ ಖಾತೆಯಲ್ಲಿ ಅಷ್ಟು ಹಣ ಇದೆಯೇ ಎಂದು ನೋಡುತ್ತೇವೆ.

ಎರಡು, ತಿಂಗಳು ಮುಗಿದ ಮೇಲೆ ಪಾಸ್ ಪುಸ್ತಕದಲ್ಲಿ ಸಾಲು ಹಾಕಿಸುತ್ತೇವೆ. APY ಸಾಲಿನ ಹಣವನ್ನು ಕ್ಯಾಲೆಂಡರಿನ ಹಣದೊಂದಿಗೆ ಹೋಲಿಸುತ್ತೇವೆ. ನಾವು ಬದಲಿಸದೆ ಈ ಕಂತು ಬದಲಾಗುವುದಿಲ್ಲ. ಹೆಚ್ಚು ಹೋಗಿದ್ದರೆ, ಹಿಂದಿನ ತಿಂಗಳು ತಪ್ಪಿದೆಯೇ ನೋಡುತ್ತೇವೆ. ತಪ್ಪಿಲ್ಲದಿದ್ದರೆ ಪುಸ್ತಕ ಹಿಡಿದು ಬ್ಯಾಂಕಿಗೆ ಹೋಗಿ ಕೇಳುತ್ತೇವೆ.

ಲೆಕ್ಕ ಮಾಡಿ:
ಒಬ್ಬರ ತಿಂಗಳ ಕಂತು 116 ರೂಪಾಯಿ. ಒಂದು ತಿಂಗಳು ತಪ್ಪಿದೆ. ಮುಂದಿನ ತಿಂಗಳು ಒಟ್ಟು ಎಷ್ಟು ಹೋಗಬೇಕು?