ಹೆಸರು, ಇಸವಿ, ನಡುವೆ ಒಂದು @: ಏಳನೇ ತರಗತಿಗೊಂದು ಪಾಸ್‌ವರ್ಡ್ ಪಾಠ

ನಮ್ಮೂರ ಶಾಲೆಗಳಿಗೆ ಹೋಗಿ ಪಾಠ ಮಾಡುವ ಮನಸ್ಸಿದ್ದರೆ, ಒಂದೇ ಪಿರಿಯಡ್‌ನಲ್ಲಿ ಮುಗಿಯುವ ಈ ಪಾಠವನ್ನು ನೋಡಿ. ಪ್ರೊಜೆಕ್ಟರ್ ಬೇಡ, ಬೋರ್ಡು, ಚೀಟಿ, ಒಂದು ಡಬ್ಬಿ ಸಾಕು. ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ: "ನಿಮ್ಮ ಖರೇ ಪಾಸ್‌ವರ್ಡ್ ಯಾರೂ ಹೇಳಬ್ಯಾಡ್ರಿ, ನಮಗೂ ಬ್ಯಾಡ."

ಮೊದಲ ಪ್ರಸಂಗ ಕಾಲ್ಪನಿಕ. ಇಳಕಲ್ಲಿನ ಗಂಗಾ ತನ್ನ ಹುಟ್ಟುಹಬ್ಬದ ಫೋಟೊವನ್ನು ಅಪ್ಪನ ಫೋನಿನಿಂದ ಸ್ಟೇಟಸ್‌ಗೆ ಹಾಕಿದ್ದಾಳೆ. ಕೇಕಿನ ಮೇಲೆ ಅವಳ ಹೆಸರು ಮತ್ತು 12 ಎಂಬ ಅಂಕಿ. ಹಿಂದೆ ಅಪ್ಪನ ಬೈಕು, ನಂಬರ್ ಕಾಣುವಂತೆ. ಪಕ್ಕದಲ್ಲಿ ತಮ್ಮ, ಅವನ ಶರ್ಟಿನ ಮೇಲೆ ಶಾಲೆಯ ಹೆಸರು. "ಗಂಗಾನ ಪರಿಚಯ ಇಲ್ಲದವ ಇದನ್ನ ನೋಡಿ ಏನೇನು ತಿಳ್ಕೊಬಹುದು?" ಎಂದು ಕೇಳಿ ಸುಮ್ಮನಿರಬೇಕು. ಮಕ್ಕಳೇ ಪಟ್ಟಿ ಮಾಡುತ್ತಾರೆ: ಹೆಸರು, ಹುಟ್ಟಿದ ದಿನ, ಇಸವಿ, ಗಾಡಿ ನಂಬರ್, ಶಾಲೆ. "ಸ್ಟೇಟಸ್ 24 ತಾಸಿಗೆ ಹೋಗತೈತಲ್ರಿ?" ಎಂಬ ಪ್ರಶ್ನೆಯೂ ಬರಬಹುದು. ಹೋಗುತ್ತದೆ, ಆದರೆ ಯಾರೋ ತೆಗೆದ ಸ್ಕ್ರೀನ್‌ಶಾಟ್ ಹೋಗುವುದಿಲ್ಲ.

ಈಗ ಎರಡನೇ ಪ್ರಶ್ನೆ: ಗಂಗಾನ ಪಾಸ್‌ವರ್ಡ್ ಏನಿರಬಹುದು? ಬೋರ್ಡಿನ ಮೇಲೆ ganga@2013 ಬರಲು ಬಹಳ ಹೊತ್ತು ಬೇಕಾಗುವುದಿಲ್ಲ. ಇಲ್ಲಿ ಲೆಕ್ಕ ಶುರು. ಅವಳ ಸುತ್ತಲಿನ ಹೆಸರುಗಳು, ಅಂದರೆ ಅಪ್ಪ, ಅವ್ವ, ತಮ್ಮ, ಮನೆದೇವರು, ಇಷ್ಟದ ಆಟಗಾರ, ಎಲ್ಲಾ ಸೇರಿ 20 ಎನ್ನೋಣ. ಕೊನೆಗೆ ಸೇರಿಸುವ 123, @123, ಇಸವಿ, ಗಾಡಿ ನಂಬರ್ ಮುಂತಾದವು 50. ಮೊದಲ ಅಕ್ಷರ ದೊಡ್ಡದು ಅಥವಾ ಚಿಕ್ಕದು, 2. ಗುಣಿಸಿದರೆ 2,000. ಒಂದಕ್ಕೆ 10 ಸೆಕೆಂಡ್ ಹಿಡಿದರೂ, ಕೈಯಿಂದಲೇ ಎಲ್ಲವನ್ನೂ ಒತ್ತಿ ನೋಡಲು ಸುಮಾರು ಐದೂವರೆ ತಾಸು ಸಾಕು. @ ಚಿಹ್ನೆ ಇದೆ, ಅಂಕಿ ಇದೆ, ಆದರೂ ಬಲವಿಲ್ಲ. ಯಾಕೆಂದರೆ ಅದರ ಪ್ರತಿ ತುಂಡೂ ಫೋಟೊದಲ್ಲೇ ಇತ್ತು, ಇಲ್ಲವೇ ಎಲ್ಲರಿಗೂ ರೂಢಿಯಾದದ್ದು.

ಮುಂದೆ ಡಬ್ಬಿಯ ಆಟ. ಮಗ್ಗ, ಬೆಕ್ಕು, ಬಾದಾಮಿ, ಕೊಡ, ರೊಟ್ಟಿ ಹೀಗೆ 100 ಸಾದಾ ಪದಗಳನ್ನು ಮಕ್ಕಳಿಂದಲೇ ಚೀಟಿಯಲ್ಲಿ ಬರೆಸಿ ಡಬ್ಬಿಗೆ ಹಾಕಿ. ಒಬ್ಬರು ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿ, ಓದಿ, ಮತ್ತೆ ಡಬ್ಬಿಗೆ ಹಾಕಬೇಕು. ಹೀಗೆ ನಾಲ್ಕು ಸಲ. magga-bekku-koda-rotti ಸಿಕ್ಕಿತು ಎನ್ನಿ. 100 ಅನ್ನು ನಾಲ್ಕು ಸಲ ಗುಣಿಸಿದರೆ 10 ಕೋಟಿ. ಪಟ್ಟಿ ಗೊತ್ತಿರುವ ಪಕ್ಕದ ಬೆಂಚಿನವನಿಗೂ ಅದೇ ವೇಗದಲ್ಲಿ ಎಲ್ಲವನ್ನೂ ಒತ್ತಿ ನೋಡಲು 31 ವರ್ಷ ಮೀರುತ್ತದೆ.

ಆಟ ಕೆಡುವುದು ಎರಡು ಕಡೆ. "ಇದು ಚಲೋ ಇಲ್ರಿ, ಬ್ಯಾರೆ ಎತ್ತತೀನಿ" ಎಂದು ಇಷ್ಟದ ಪದ ಬರುವ ತನಕ ಎತ್ತುವುದು ಒಂದು. ಆಗ ಆರಿಸಿದ್ದು ಡಬ್ಬಿಯಲ್ಲ, ಮನಸ್ಸು. ಮನಸ್ಸನ್ನು ಗೆಳೆಯರು ಊಹಿಸಬಲ್ಲರು. ಇನ್ನೊಂದು, ನೆನಪಿರಲೆಂದು ಪದಗಳನ್ನು ಅರ್ಥ ಬರುವಂತೆ ಜೋಡಿಸುವುದು. ಕ್ರಮ ಊಹೆಗೆ ಸಿಕ್ಕಿದರೆ 10 ಕೋಟಿ ಸುಮಾರು 44 ಲಕ್ಷಕ್ಕೆ ಇಳಿಯುತ್ತದೆ. ಬಂದ ಕ್ರಮವನ್ನು ಹಾಗೇ ಬಿಟ್ಟು, ನೆನಪಿಗೆ ಒಂದು ಹುಚ್ಚು ಕತೆ ಕಟ್ಟಿಕೊಂಡರಾಯಿತು. ಬೋರ್ಡಿನ ಮೇಲೆ ಬರೆದದ್ದನ್ನು ಮಾತ್ರ ಯಾರೂ ಬಳಸುವಂತಿಲ್ಲ.

ನಮ್ಮ ಓದುಗರಿಗೆ ಇಲ್ಲೊಂದು ಅನುಮಾನ ಬಂದೇ ಬರುತ್ತದೆ. ಈ ಲೆಕ್ಕ ಕೈಯಿಂದ ಒತ್ತುವವನಿಗೆ ಮಾತ್ರ. ಯಾವುದೋ ಜಾಲತಾಣದ ಹ್ಯಾಶ್‌ಗಳೇ ಕಳುವಾದರೆ, ಅದು MD5ನಂಥ ವೇಗದ ಹ್ಯಾಶ್ ಆಗಿದ್ದರೆ, ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ 10 ಕೋಟಿಯನ್ನು ಒಂದು ಸೆಕೆಂಡಿನೊಳಗೇ ಮುಗಿಸುತ್ತದೆ. ಪದಗಳ ಪಟ್ಟಿ ದೊಡ್ಡದಾಗಬೇಕು, ಪದಗಳೂ ಹೆಚ್ಚಬೇಕು. ಡೈಸ್‌ವೇರ್ ಪಟ್ಟಿಯಲ್ಲಿ 7,776 ಪದಗಳಿರುವುದು ಇದಕ್ಕೇ: ದಾಳವನ್ನು ಐದು ಸಲ ಎಸೆದರೆ ಒಂದು ಪದ. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು: ಆಟದ ಪಾಸ್‌ವರ್ಡ್ ಬೇರೆ, ಮೇಲ್‌ನದು ಬೇರೆ. ಒಂದು ಮನೆ ಕೀಲಿ ಕಳೆದರೆ ಎಲ್ಲ ಮನೆ ತೆರೆಯಬಾರದು. ಮೇಲ್‌ಗೆ ಎರಡು ಹಂತದ ಪರಿಶೀಲನೆಯೂ ಇರಲಿ.

ಕೊನೆಯ ಪ್ರಸಂಗವನ್ನು ಇಬ್ಬರು ಮಕ್ಕಳು ಅಭಿನಯಿಸಲಿ. ಅವ್ವನ ಫೋನಿಗೆ ಕರೆ ಬರುತ್ತದೆ: "ತಂಗೀ, ಬ್ಯಾಂಕಿನಿಂದ ಮಾತಾಡಾಕತ್ತೀನಿ, ಈಗ ಬಂದ ಆರು ಅಂಕಿ ಓದವಾ." ಆರು ಅಂಕಿಗೆ 10 ಲಕ್ಷ ಸಾಧ್ಯತೆ ಇದ್ದರೂ ಇಲ್ಲಿ ಯಾರೂ ಊಹಿಸುವುದಿಲ್ಲ, ಕೇಳಿ ಪಡೆಯುತ್ತಾರೆ. ಎಷ್ಟೇ ಉದ್ದದ ಪಾಸ್‌ವರ್ಡ್ ಆದರೂ ಬಾಯಿಬಿಟ್ಟರೆ ಮುಗಿಯಿತು. ಮಗು ಹೇಳಬೇಕಾದ ಉತ್ತರವನ್ನು ಎರಡು ಸಲ ಹೇಳಿಸಿ: "ಅವ್ವ ಬರ್ತಾಳ್ರಿ, ಫೋನ್ ಇಡ್ತೀನಿ." ಹಣ ಹೋಗಿಬಿಟ್ಟಿದ್ದರೆ ಬೈಗುಳಕ್ಕೆ ಹೆದರಿ ಮುಚ್ಚಿಡದೆ, ಆಗಲೇ ಮನೆಯವರಿಗೆ ಹೇಳಿ 1930ಕ್ಕೆ ಕರೆ ಮಾಡಿಸಬೇಕು. ತಡವಾದಷ್ಟು ಹಣ ಬೇರೆ ಬೇರೆ ಖಾತೆಗಳಿಗೆ ಜಾರಿ, ತಡೆಹಿಡಿಯುವುದು ಕಷ್ಟವಾಗುತ್ತದೆ.

ಪಾಠ ಮುಟ್ಟಿತೋ ಇಲ್ಲವೋ ನೋಡಲು ಗಂಗಾನ ಫೋಟೊವನ್ನೇ ಮತ್ತೆ ಕೊಡಿ: "ಹುಟ್ಟುಹಬ್ಬದ ಖುಷಿ ಹಂಚ್ಕೊಬೇಕು, ಏನು ಬದಲಾಯಿಸ್ತೀರಿ?" "ಹಾಕಬಾರದ್ರಿ" ಎಂದಷ್ಟೇ ಅಂದರೆ ನಮ್ಮನ್ನು ಮೆಚ್ಚಿಸಲು ಹೇಳಿದ್ದು. "ಬೈಕು ಆಚೆ ಸರಸೂದು, ಕೇಕ್ ಮ್ಯಾಲಿನ ಅಂಕಿ ತಿಂದ ಮ್ಯಾಲ ಫೋಟೊ ತಗ್ಯೂದು" ಎಂದರೆ ಪಾಠ ಮುಟ್ಟಿದೆ.